ಸಿಇಟಿಗೆ ಮೂವತ್ತು ದಿನ ಉಳಿದಾಗ ಮೊದಲ ಪರೀಕ್ಷೆಯನ್ನು ಓದುವುದು ಹೇಗೆ?

ಪ್ರಶ್ನೆ: ಸರ್, ನಾನು ಪಿಸಿಎಂಸಿ ವಿದ್ಯಾರ್ಥಿನಿ. ದ್ವಿತೀಯ ಪಿಯುಸಿ ಪರೀಕ್ಷೆ ಮೊನ್ನೆ ಮುಗಿಯಿತು. ಸಿಇಟಿಗೆ ಮೂವತ್ತು ದಿನ ಇದೆ, ದಿನಕ್ಕೆ ಆರು ಗಂಟೆ ಓದಬಲ್ಲೆ. ಮೊದಲು ಒಂದು ಡಯಾಗ್ನೊಸ್ಟಿಕ್ ಟೆಸ್ಟ್ ಬರೆದು, ಯಾವುದರಲ್ಲಿ ಅಂಕ ಕಡಿಮೆಯೋ ಅದನ್ನೇ ಓದು ಎಂದು ಅಕ್ಕ ಹೇಳುತ್ತಾಳೆ. ಓದದೆ ಟೆಸ್ಟ್ ಬರೆದು ಎರಡು ದಿನ ಹಾಳು ಮಾಡಬೇಡ, ಮೊದಲ ಪಾಠದಿಂದ ಶುರುಮಾಡು ಎಂದು ಅಪ್ಪ ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಟೆಸ್ಟ್ ಬರೆಯಬೇಕು ಎಂಬಷ್ಟರಲ್ಲಿ ನಿಮ್ಮ ಅಕ್ಕನ ಮಾತು ಸರಿ. ಅಂಕ ಕಡಿಮೆ ಬಂದ ವಿಷಯವನ್ನೇ ಓದಬೇಕು ಎಂಬುದು ಮಾತ್ರ ಹಲವು ಬಾರಿ ದಾರಿ ತಪ್ಪಿಸುತ್ತದೆ. ಈ ಉತ್ತರದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ. ನಿಮ್ಮ ತಂದೆಯವರ ಸಲಹೆಯನ್ನು ಒಂದು ಸಣ್ಣ ಲೆಕ್ಕದಿಂದ ಪರಿಶೀಲಿಸಬಹುದು. ಈಗಿನ ಪಠ್ಯಕ್ರಮದಲ್ಲಿ ಎರಡು ವರ್ಷ ಸೇರಿ ಭೌತಶಾಸ್ತ್ರದಲ್ಲಿ 28, ರಸಾಯನಶಾಸ್ತ್ರದಲ್ಲಿ 19, ಗಣಿತದಲ್ಲಿ 27, ಒಟ್ಟು 74 ಅಧ್ಯಾಯಗಳಿವೆ. ನಿಮ್ಮ ಬಳಿ ಇರುವುದು 180 ಗಂಟೆ. ಮೊದಲ ಪಾಠದಿಂದ ಶುರುಮಾಡಿದರೆ ಪ್ರತಿ ಅಧ್ಯಾಯಕ್ಕೆ ಸಿಗುವುದು ಎರಡೂವರೆ ಗಂಟೆಗಿಂತಲೂ ಕಡಿಮೆ. ಬರುವ ಅಧ್ಯಾಯಕ್ಕೆ ಅದು ಹೆಚ್ಚಾಯಿತು, ಬಾರದ ಅಧ್ಯಾಯಕ್ಕೆ ಸಾಲದು. ಹಾಗಾಗಿ ಯಾವುದನ್ನು ಓದದೆ ಬಿಡಬೇಕು ಎಂಬುದು ಗೊತ್ತಾಗಲಿಕ್ಕೆ ಹತ್ತು ಗಂಟೆ ಖರ್ಚಾದರೂ ಅದು ನಷ್ಟವಲ್ಲ.

ಪರೀಕ್ಷೆಯ ಸ್ವರೂಪ ನಿಮಗೆ ಗೊತ್ತಿದ್ದರೂ ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿರುವುದರಿಂದ ನೆನಪಿಸುತ್ತೇನೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆಗಳು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಮೂರು ವಿಷಯಗಳ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಮೊದಲರ್ಧ ಈಗ ನಿಮ್ಮ ಕೈಯಲ್ಲಿಲ್ಲ. ಉಳಿದರ್ಧದಲ್ಲಿ ರಸಾಯನಶಾಸ್ತ್ರದ ಒಂದು ಅಂಕಕ್ಕೂ ಗಣಿತದ ಒಂದು ಅಂಕಕ್ಕೂ ಬೆಲೆಯಲ್ಲಿ ವ್ಯತ್ಯಾಸವಿಲ್ಲ. ಆದ್ದರಿಂದ ಟೆಸ್ಟ್ ಬರೆದು ಕೇಳಬೇಕಾದದ್ದು ಎಲ್ಲಿ ಅಂಕ ಕಡಿಮೆಯಿದೆ ಎಂದಲ್ಲ, ಎಲ್ಲಿ ಒಂದು ಗಂಟೆ ಕೂತರೆ ಹೆಚ್ಚು ಅಂಕ ಏರುತ್ತದೆ ಎಂದು. ಇವೆರಡೂ ಒಂದೇ ಎಂದು ಭಾವಿಸುವುದರಿಂದಲೇ ಬಹಳ ಮಕ್ಕಳ ಏಪ್ರಿಲ್ ತಿಂಗಳು ವ್ಯರ್ಥವಾಗುತ್ತದೆ.

ಮೊದಲಿಗೆ ಪತ್ರಿಕೆಯ ಆಯ್ಕೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಳೆಯ ಪತ್ರಿಕೆಯನ್ನೇ ಬಳಸಿ. ಕೋಚಿಂಗ್ ಕೇಂದ್ರಗಳ ಮಾದರಿ ಪತ್ರಿಕೆಗಳು ಹೆಚ್ಚಾಗಿ ನಿಜವಾದ ಪತ್ರಿಕೆಗಿಂತ ಕಠಿಣವಾಗಿರುತ್ತವೆ. ಅವು ನಿಮ್ಮನ್ನು ಹೆದರಿಸಬಲ್ಲವು, ಅಳೆಯಲಾರವು. ಒಮ್ಮೆ ಬಿಡಿಸಿ ನೋಡಿದ ಪತ್ರಿಕೆಯೂ ಬೇಡ, ಏಕೆಂದರೆ ಉತ್ತರ ಬಂದದ್ದು ವಿಷಯ ತಿಳಿದಿದ್ದರಿಂದಲೋ ಪ್ರಶ್ನೆ ನೆನಪಿದ್ದರಿಂದಲೋ ಎಂದು ಆಮೇಲೆ ಬೇರ್ಪಡಿಸಲಾಗದು. ಇನ್ನೊಂದು ತೊಡಕು ಪಠ್ಯಕ್ರಮದ್ದು. ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಾಲಿಮರ್‌ಗಳು, ಸಂವಹನ ವ್ಯವಸ್ಥೆ, ಗಣಿತೀಯ ಅನುಮಾನ ಮುಂತಾದ ಅಧ್ಯಾಯಗಳನ್ನು ಕೈಬಿಟ್ಟ ನಂತರ ಅದಕ್ಕಿಂತ ಹಿಂದಿನ ಪತ್ರಿಕೆಗಳಲ್ಲಿ ಈಗ ನಿಮಗೆ ಸಂಬಂಧವಿಲ್ಲದ ಪ್ರಶ್ನೆಗಳು ಉಳಿದಿವೆ. 2024ರ ಪತ್ರಿಕೆಗಳಲ್ಲೂ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು, ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟದ್ದು ನಿಮಗೆ ನೆನಪಿರಬಹುದು. ಇಂತಹ ಪತ್ರಿಕೆ ಬಳಸುವುದಾದರೆ ಆ ಪ್ರಶ್ನೆಗಳನ್ನು ಮೊದಲೇ ಬೇರೆಯವರಿಂದ ಹೊಡೆದು ಹಾಕಿಸಿ, ಉಳಿದ ಪ್ರತಿ ಪ್ರಶ್ನೆಗೆ 80 ಸೆಕೆಂಡಿನಂತೆ ಸಮಯವನ್ನೂ ಕಡಿಮೆ ಮಾಡಿಕೊಳ್ಳಿ. ನಿಮ್ಮ ಅಕ್ಕ ಈ ಕೆಲಸಕ್ಕೆ ಒದಗಬಹುದು. ಒಟ್ಟು ಮೂರು ವರ್ಷಗಳ ಪತ್ರಿಕೆ ಬೇಕು. ಈಗ ಒಂದು, ಹದಿನೈದನೆಯ ದಿನಕ್ಕೆ ಒಂದು, ಕೊನೆಗೆ ಒಂದು. ತೀರಾ ಇತ್ತೀಚಿನದನ್ನು ಕೊನೆಗೆ ಮೀಸಲಿಡಿ. ಕೀ ಉತ್ತರ ಇಳಿಸಿಕೊಳ್ಳುವಾಗ ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಬೇರೆ ವರ್ಷನ್‌ನ ಕೀ ಹಿಡಿದು ತಿದ್ದಿ, ಹದಿನೈದು ಅಂಕ ಬಂತೆಂದು ಅಳುತ್ತ ಕುಳಿತವರಿದ್ದಾರೆ.

ಬರೆಯುವ ಕ್ರಮಕ್ಕೆ ಬರೋಣ. ಪ್ರತಿ ವಿಷಯವನ್ನೂ ನಡುವೆ ಏಳದೆ ಒಂದೇ ಪಟ್ಟಿನಲ್ಲಿ ಬರೆಯಬೇಕು. ಒಂದೇ ದಿನ ಮೂರನ್ನೂ ಬರೆಯಬೇಡಿ. ಎರಡು ದಿನಕ್ಕೆ ಹಂಚಿಕೊಳ್ಳಿ. ಪ್ರತಿ ಉತ್ತರದ ಪಕ್ಕದಲ್ಲಿ, ಆ ಕ್ಷಣದಲ್ಲಿಯೇ, ಒಂದು ಅಕ್ಷರ ಹಾಕಿ: ಖಚಿತವಾಗಿ ಗೊತ್ತಿದ್ದರೆ ‘ಖ’, ಎರಡು ಆಯ್ಕೆಗಳ ನಡುವೆ ತೂಗಾಡಿ ಒಂದನ್ನು ಆರಿಸಿದ್ದರೆ ‘ಸಂ’, ಸುಮ್ಮನೆ ಗುರುತು ಹಾಕಿದ್ದರೆ ‘ಊ’. ಈ ಅಕ್ಷರಗಳಿಲ್ಲದೆ ಬರೆದ ಸಿಇಟಿ ಅಭ್ಯಾಸಪತ್ರಿಕೆಯಿಂದ ಏನೂ ತಿಳಿಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಕ ಕಡಿತವಿಲ್ಲದ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಗುರುತಿಸಿದವರಿಗೂ ಸರಾಸರಿ 15 ಅಂಕ ಬರುತ್ತದೆ. ಪ್ರಶ್ನೆಪತ್ರಿಕೆಯನ್ನೇ ಓದದೆ ಬಂದ ಆ ಅಂಕಗಳು ಓದಿ ಗಳಿಸಿದ ಅಂಕಗಳ ಜೊತೆ ಬೆರೆತುಹೋದರೆ ಮೊತ್ತಕ್ಕೆ ಅರ್ಥವಿರುವುದಿಲ್ಲ.

ಹಾಗೆಯೇ 15, 30, 45ನೆಯ ಪ್ರಶ್ನೆಗಳನ್ನು ದಾಟುವಾಗ ಗಡಿಯಾರ ನೋಡಿ ಅಂಚಿನಲ್ಲಿ ಸಮಯ ಬರೆಯಿರಿ. ಎಂಬತ್ತು ನಿಮಿಷ ಮುಗಿದ ಕೂಡಲೇ ಉಳಿದವಕ್ಕೆಲ್ಲ ಊಹೆಯ ಗುರುತು ಹಾಕಿ, ಒಂದು ಗೆರೆ ಎಳೆದು, ನೀಲಿ ಪೆನ್ನು ಬದಿಗಿಟ್ಟು ಕೆಂಪು ಪೆನ್ನು ಹಿಡಿಯಿರಿ. ಕೀ ಉತ್ತರವನ್ನು ಇನ್ನೂ ತೆರೆಯಬಾರದು. ‘ಸಂ’ ಮತ್ತು ‘ಊ’ ಗುರುತಿನ ಪ್ರಶ್ನೆಗಳನ್ನು ಸಮಯದ ಮಿತಿಯಿಲ್ಲದೆ, ಪುಸ್ತಕವನ್ನೂ ನೋಡದೆ, ಮತ್ತೊಮ್ಮೆ ಬಿಡಿಸಿ. ನೀಲಿಯಲ್ಲಿ ತಪ್ಪಾಗಿ ಕೆಂಪಿನಲ್ಲಿ ಸರಿಯಾದದ್ದು ವೇಗದ ಕೊರತೆ. ಎರಡರಲ್ಲೂ ತಪ್ಪಾದದ್ದು ತಿಳಿವಳಿಕೆಯ ಕೊರತೆ. ಇವೆರಡಕ್ಕೂ ಮದ್ದು ಬೇರೆ ಬೇರೆ, ಮೊದಲನೆಯದಕ್ಕೆ ಪಠ್ಯಪುಸ್ತಕ ಓದಿ ಪ್ರಯೋಜನವೇ ಇಲ್ಲ.

ತಪ್ಪಾದ ಪ್ರಶ್ನೆಗಳಲ್ಲಿ ಯಾವ ಆಯ್ಕೆಯನ್ನು ಆರಿಸಿದಿರಿ ಎಂಬುದನ್ನೂ ನೋಡಬೇಕು. ಒಂದು ಉದಾಹರಣೆ ಕೊಡುತ್ತೇನೆ. 3 ಮೈಕ್ರೋಫ್ಯಾರಡ್ ಮತ್ತು 6 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ 12 ವೋಲ್ಟ್ ಬ್ಯಾಟರಿಗೆ ಸೇರಿಸಿದೆ; 3 ಮೈಕ್ರೋಫ್ಯಾರಡ್‌ನ ಕೆಪಾಸಿಟರಿನ ಮೇಲಿನ ಆವೇಶವೆಷ್ಟು? ಆಯ್ಕೆಗಳು 24, 36, 72, 108 ಮೈಕ್ರೋಕೂಲಂಬ್ ಎಂದಿರಲಿ. ಸರಣಿಯ ಪರಿಣಾಮಕ ಧಾರಣೆ 2 ಮೈಕ್ರೋಫ್ಯಾರಡ್, ಆದ್ದರಿಂದ ಉತ್ತರ 24. ನೀವು 36 ಎಂದು ಗುರುತಿಸಿದ್ದರೆ 3ನ್ನು 12ರಿಂದ ನೇರವಾಗಿ ಗುಣಿಸಿದ್ದೀರಿ, ಅಂದರೆ ಸರಣಿಯಲ್ಲಿ ವೋಲ್ಟೇಜ್ ಹಂಚಿಹೋಗುತ್ತದೆ ಎಂಬುದೇ ಮನಸ್ಸಿಗೆ ಬಂದಿಲ್ಲ. 108 ಎಂದಿದ್ದರೆ ಸರಣಿಗೆ ಸಮಾಂತರದ ಸೂತ್ರ ಹಾಕಿದ್ದೀರಿ. ಸೂತ್ರ ಅದಲುಬದಲಾಗಿದೆ ಅಷ್ಟೆ, ಅರ್ಧ ಗಂಟೆಯಲ್ಲಿ ಸರಿಹೋಗುವ ದೋಷ. 72 ಎಂದಿದ್ದರೆ ಮೇಲಿನ ಮೊದಲ ದೋಷದ ಜೊತೆಗೆ ಯಾವ ಕೆಪಾಸಿಟರನ್ನು ಕೇಳಿದ್ದಾರೆ ಎಂಬುದನ್ನೂ ಸರಿಯಾಗಿ ಓದಿಲ್ಲ. ಪ್ರಶ್ನೆ ರಚಿಸುವವರು ತಪ್ಪು ಆಯ್ಕೆಗಳನ್ನು ಮನಸ್ಸಿಗೆ ಬಂದಂತೆ ಇಡುವುದಿಲ್ಲ, ಮಕ್ಕಳು ಸಾಮಾನ್ಯವಾಗಿ ಎಡವುವ ಜಾಗಗಳಲ್ಲೇ ಇಡುತ್ತಾರೆ. ಆದ್ದರಿಂದ ಪ್ರತಿ ತಪ್ಪಿನ ಪಕ್ಕದಲ್ಲಿ ಕಾರಣ ಬರೆಯಿರಿ: ಗೊತ್ತೇ ಇಲ್ಲ, ಗೊತ್ತಿತ್ತು ಆದರೆ ಮರೆತೆ, ಲೆಕ್ಕದಲ್ಲಿ ತಪ್ಪಿದೆ, ಪ್ರಶ್ನೆ ಓದುವಾಗ ತಪ್ಪಿದೆ. ನಾಲ್ಕೇ ಸಾಕು. ಇದಕ್ಕಿಂತ ಸೂಕ್ಷ್ಮವಾಗಿ ವಿಂಗಡಿಸಲು ಹೊರಟವರು ವಿಂಗಡಣೆಯಲ್ಲೇ ವಾರ ಕಳೆಯುತ್ತಾರೆ.

ಈಗ ಒಂದು ಫಲಿತಾಂಶ ಹೀಗೆ ಬಂತು ಎಂದಿಟ್ಟುಕೊಳ್ಳೋಣ. ಭೌತಶಾಸ್ತ್ರ 31, ರಸಾಯನಶಾಸ್ತ್ರ 33, ಗಣಿತ 28, ಒಟ್ಟು 92. ಇಷ್ಟನ್ನೇ ನೋಡಿದರೆ ಗಣಿತ ದುರ್ಬಲ, ಹೆಚ್ಚು ಸಮಯ ಅದಕ್ಕೆ ಎಂದಾಗುತ್ತದೆ. ಅಕ್ಷರಗಳನ್ನು ಬಿಡಿಸಿ ನೋಡಿದರೆ ಚಿತ್ರ ಬೇರೆಯೇ. ಗಣಿತದಲ್ಲಿ ‘ಖ’ 15, ಅವುಗಳಲ್ಲಿ 13 ಸರಿ. ‘ಸಂ’ 12, ಅವುಗಳಲ್ಲಿ 6 ಸರಿ. ‘ಊ’ 33, ಅವುಗಳಲ್ಲಿ 9 ಸರಿ. ಆ 33ರಲ್ಲಿ 20 ಪ್ರಶ್ನೆಗಳನ್ನು ಓದಲು ಸಮಯವೇ ಸಿಕ್ಕಿರಲಿಲ್ಲ, ಊಹೆಯಿಂದ ಅವುಗಳಲ್ಲಿ 5 ಸರಿಯಾಗಿದ್ದವು. ಕೆಂಪು ಪೆನ್ನಿನಲ್ಲಿ ಬಿಡಿಸಿದಾಗ ಅದೇ ಇಪ್ಪತ್ತರಲ್ಲಿ 12 ಸರಿಯಾದವು. ಅಂಚಿನ ಸಮಯ ನೋಡಿದರೆ 15ನೆಯ ಪ್ರಶ್ನೆ ದಾಟುವಾಗಲೇ 30 ನಿಮಿಷ ಕಳೆದಿದೆ, ಕಳೆಯಬೇಕಾಗಿದ್ದದ್ದು 20. ರಫ್ ಹಾಳೆಯಲ್ಲಿ ಪ್ರತಿ ಲೆಕ್ಕವನ್ನೂ ಐದು ಅಂಕದ ಬೋರ್ಡ್ ಪ್ರಶ್ನೆಗೆ ಬರೆಯುವಂತೆ ‘ದತ್ತ’, ‘ಸಾಧಿಸಬೇಕಾದದ್ದು’ ಎಂದೆಲ್ಲ ಬರೆದು ಬಿಡಿಸಿದೆ. ಇದು ತಿಂಗಳುಗಟ್ಟಲೆ ಬೋರ್ಡ್ ಪರೀಕ್ಷೆಗೆ ಅಭ್ಯಾಸ ಮಾಡಿದ ಕೈ. ಗಣಿತ ಗೊತ್ತಿಲ್ಲದ ಕೈಯಲ್ಲ. ಇಂತಹವರು ಅನುಕಲನದ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಓದಿದರೆ ಅಂಕ ಅಲ್ಲೇ ಇರುತ್ತದೆ. ದಿನಕ್ಕೆ ಒಂದೂವರೆ ಗಂಟೆಯಲ್ಲಿ 30 ಪ್ರಶ್ನೆಗಳನ್ನು 40 ನಿಮಿಷಕ್ಕೆ ಬಿಡಿಸಿ, ಉಳಿದ ಸಮಯದಲ್ಲಿ ಎಲ್ಲಿ ಹೆಜ್ಜೆ ಹಾರಿಸಬಹುದಿತ್ತು, ಎಲ್ಲಿ ಆಯ್ಕೆಗಳನ್ನೇ ಸಮೀಕರಣಕ್ಕೆ ಹಾಕಿ ನೋಡಬಹುದಿತ್ತು ಎಂದು ಪರಿಶೀಲಿಸಿದರೆ ಎರಡು ವಾರಕ್ಕೆ 21 ಗಂಟೆಯಾಗುತ್ತದೆ. ವೇಗ ಪೂರ್ತಿ ಸರಿಹೋದರೆ ಈ ಒಂದರಿಂದಲೇ ಏಳು ಅಂಕ ಏರಬಹುದು.

ಭೌತಶಾಸ್ತ್ರದಲ್ಲಿ ‘ಖ’ 18ಕ್ಕೆ 16, ‘ಸಂ’ 20ಕ್ಕೆ 9, ‘ಊ’ 22ಕ್ಕೆ 6. ಇಲ್ಲಿ ಎದ್ದು ಕಾಣುವುದು ಇಪ್ಪತ್ತು ಸಂಶಯಗಳು. ಅವುಗಳಲ್ಲಿ ತಪ್ಪಾದ 11ರಲ್ಲಿ 7ಕ್ಕೆ ‘ಮರೆತೆ’ ಎಂಬ ಕಾರಣವಿದ್ದು, ಅವು ಬಹುತೇಕ ಪ್ರಥಮ ಪಿಯುಸಿಯ ಉಷ್ಣಬಲವಿಜ್ಞಾನ, ಆಂದೋಲನ, ಅಲೆಗಳಿಂದ ಬಂದಿವೆ. ಒಮ್ಮೆ ಓದಿ ಅರ್ಥವಾಗಿದ್ದನ್ನು ಮರಳಿ ಹಿಡಿಯಲು ಹೊಸದಾಗಿ ಕಲಿಯುವುದಕ್ಕೆ ಬೇಕಾದಷ್ಟು ಸಮಯ ಬೇಡ. ಈ ಪತ್ರಿಕೆಯಲ್ಲಿ ಅತ್ಯಂತ ಅಗ್ಗವಾಗಿ ಸಿಗುವ ಅಂಕಗಳು ಇವೇ. 25 ಗಂಟೆ ಇಲ್ಲಿಗೆ ಹೋಗಲಿ. ‘ಊ’ ಗುರುತಿನ 22ರಲ್ಲಿ 12 ಪ್ರಥಮ ವರ್ಷದ ಯಂತ್ರಶಾಸ್ತ್ರದವು, ಕಾರಣ ‘ಗೊತ್ತೇ ಇಲ್ಲ’. ಪರಿಭ್ರಮಣ ಚಲನೆಯಂತಹ ಅಧ್ಯಾಯವನ್ನು ತಳದಿಂದ ಕಲಿಯಲು ಎಷ್ಟು ಗಂಟೆ ಬೇಕು ಎಂಬುದನ್ನು ಯಾವ ಟೆಸ್ಟೂ ಹೇಳುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ: ಮೂರು ಗಂಟೆ ಮಾತ್ರ ಆ ಅಧ್ಯಾಯಕ್ಕೆ ಕೊಟ್ಟು, ಬೇರೆ ಬೇರೆ ವರ್ಷಗಳ ಹತ್ತು ಪ್ರಶ್ನೆ ಬಿಡಿಸಿ ನೋಡಿ. ಖಚಿತವಾಗಿ ಬಿಡಿಸಿದ ಪ್ರಶ್ನೆಗಳು ಮೂರು ನಾಲ್ಕಾದರೂ ಆದರೆ ಮುಂದುವರಿಸಿ, ಆಗದಿದ್ದರೆ ಮನಸ್ಸಿಗೆ ಕಷ್ಟವಾದರೂ ಆ ಅಧ್ಯಾಯವನ್ನು ಕೈಬಿಡಿ. ಅಲ್ಲಿನ ಪ್ರಶ್ನೆಗಳಿಗೆ ಊಹೆಯ ಕಾಲು ಭಾಗ ಹೇಗೂ ಸಿಗುತ್ತದೆ.

ರಸಾಯನಶಾಸ್ತ್ರದಲ್ಲಿ ‘ಖ’ 25ಕ್ಕೆ 22, ‘ಸಂ’ 18ಕ್ಕೆ 7, ‘ಊ’ 17ಕ್ಕೆ 4. ಖಚಿತ ಎಂದು ಬರೆದೂ ತಪ್ಪಾದ ಆ ಮೂರನ್ನು ಮೊದಲು ನೋಡಬೇಕು. ಉಳಿದ ತಪ್ಪುಗಳ ಬಗ್ಗೆ ನಿಮಗೆ ಅನುಮಾನವಾದರೂ ಇದೆ, ಆದ್ದರಿಂದ ಎಂದಾದರೂ ಪುಸ್ತಕ ತೆರೆಯುತ್ತೀರಿ. ಇವನ್ನು ಮಾತ್ರ ಯಾರಾದರೂ ತೋರಿಸಿಕೊಡುವವರೆಗೆ ತಿದ್ದಿಕೊಳ್ಳುವುದಿಲ್ಲ. ಮ್ಯಾಂಗನೀಸ್ ದ್ವಿಧನ ಅಯಾನಿನ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಮೂರು ಎಂದು ಬರೆದಿದ್ದರೆ, 4ಎಸ್ ಕಕ್ಷಕದ ಎಲೆಕ್ಟ್ರಾನುಗಳು ಮೊದಲು ಹೊರಹೋಗುತ್ತವೆ ಎಂಬುದರ ಬದಲು 3ಡಿಯಿಂದ ತೆಗೆದಿದ್ದೀರಿ, ಸರಿಯುತ್ತರ ಐದು. ಈ ಒಂದೇ ತಪ್ಪು ನಂಬಿಕೆ ಮ್ಯಾಗ್ನೆಟಿಕ್ ಮೊಮೆಂಟಿನ ಪ್ರಶ್ನೆಯಲ್ಲೂ ಸಂಕೀರ್ಣ ಸಂಯುಕ್ತಗಳ ಪ್ರಶ್ನೆಯಲ್ಲೂ ಮರಳಿ ಬರುತ್ತದೆ. ತಿದ್ದಲು ಬೇಕಾದದ್ದು ಒಂದು ಗಂಟೆ. ಸಂಶಯ ಮತ್ತು ಊಹೆಗಳು ಡಿ-ಬ್ಲಾಕ್, ಸಂಕೀರ್ಣ ಸಂಯುಕ್ತಗಳು, ಜೈವಿಕ ಅಣುಗಳು, ಹೆಸರುಳ್ಳ ಸಾವಯವ ಕ್ರಿಯೆಗಳ ಸುತ್ತ ಇದ್ದರೆ ಅವು ಪಠ್ಯಪುಸ್ತಕದ ಸಾಲುಗಳನ್ನು ನಿಧಾನವಾಗಿ ಓದಿದವರಿಗೆ ಸಿಗುವ ಅಂಕಗಳು. 20 ಗಂಟೆ ಸಾಕು.

ಹೀಗೆ ಮೊದಲ ಹದಿನೈದು ದಿನಗಳ 90 ಗಂಟೆಗಳಲ್ಲಿ ಟೆಸ್ಟ್ ಮತ್ತು ವಿಶ್ಲೇಷಣೆಗೆ ಹತ್ತು, ಮುಂದೆ ಹೇಳುವ ಎರಡನೆಯ ಹಂತಕ್ಕೆ ಆರು, ಭೌತಶಾಸ್ತ್ರಕ್ಕೆ ಪ್ರಯೋಗದ ಮೂರು ಗಂಟೆ ಸೇರಿ 28, ಗಣಿತಕ್ಕೆ 21, ರಸಾಯನಶಾಸ್ತ್ರಕ್ಕೆ 20 ಹೋಗಿ ಐದು ಗಂಟೆ ಕೈಯಲ್ಲುಳಿಯುತ್ತದೆ. ಅತಿ ಕಡಿಮೆ ಅಂಕ ಬಂದ ಗಣಿತಕ್ಕೆ ಹೊಸ ಓದು ಒಂದು ಗಂಟೆಯೂ ಇಲ್ಲ ಎಂಬುದನ್ನು ಗಮನಿಸಿ. ನಿಮ್ಮ ಹಾಳೆಯಲ್ಲಿ ಇದು ಪೂರ್ತಿ ತಿರುವುಮುರುವಾಗಿರಬಹುದು. ನಾನು ತೋರಿಸಿದ್ದು ಓದುವ ರೀತಿಯನ್ನು ಮಾತ್ರ.

ಆ ಎರಡನೆಯ ಹಂತ ಏಕೆ ಬೇಕು ಎಂದರೆ, ಒಂದು ಪತ್ರಿಕೆಯ ಸಾಕ್ಷ್ಯ ಬಹಳ ತೆಳುವಾದದ್ದು. ಭೌತಶಾಸ್ತ್ರದ 28 ಅಧ್ಯಾಯಗಳಿಗೆ 60 ಪ್ರಶ್ನೆಗಳೆಂದರೆ ಅಧ್ಯಾಯಕ್ಕೆ ಸರಾಸರಿ ಎರಡು. ಒಂದು ಅಧ್ಯಾಯದ ಅರ್ಧದಷ್ಟು ಪ್ರಶ್ನೆಗಳನ್ನು ಬಿಡಿಸಬಲ್ಲ ವಿದ್ಯಾರ್ಥಿಗೂ ಅದರ ಎರಡು ಪ್ರಶ್ನೆಗಳು ಎರಡೂ ತಪ್ಪಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದ ಅಧ್ಯಾಯವಾರು ಪಟ್ಟಿ ಮಾಡಿ ‘ಇದರಲ್ಲಿ ಸೊನ್ನೆ, ಅದರಲ್ಲಿ ನೂರು ಶೇಕಡಾ’ ಎಂದು ತೀರ್ಪು ಕೊಡುವುದು ಬೇಡ. ಭೌತಶಾಸ್ತ್ರವನ್ನು ಯಂತ್ರಶಾಸ್ತ್ರ, ಉಷ್ಣ ಮತ್ತು ಅಲೆಗಳು, ಸ್ಥಿರ ಮತ್ತು ಪ್ರವಾಹ ವಿದ್ಯುತ್, ಕಾಂತತ್ವ ಮತ್ತು ಪರ್ಯಾಯ ವಿದ್ಯುತ್, ಬೆಳಕು, ಆಧುನಿಕ ಭೌತಶಾಸ್ತ್ರ ಎಂದು ಆರು ಗುಂಪು ಮಾಡಿ ನೋಡಿದರೆ ಒಂದೊಂದರಲ್ಲೂ ಸರಾಸರಿ ಹತ್ತು ಪ್ರಶ್ನೆಗಳಿದ್ದು ಮಾತಿಗೆ ಸ್ವಲ್ಪ ಬಲ ಬರುತ್ತದೆ. ಅನುಮಾನ ಬಂದ ಎರಡು ಮೂರು ಗುಂಪುಗಳಿಗೆ ಮಾತ್ರ, ಇನ್ನುಳಿದ ಹಳೆಯ ವರ್ಷಗಳಿಂದ ಇಪ್ಪತ್ತರಷ್ಟು ಪ್ರಶ್ನೆ ಆರಿಸಿ, ಅದೇ ‘ಖ’, ‘ಸಂ’, ‘ಊ’ ಕ್ರಮದಲ್ಲಿ ಬಿಡಿಸಿ. ಮೀಸಲಿಟ್ಟ ಎರಡು ಪತ್ರಿಕೆಗಳನ್ನು ಇದಕ್ಕೆ ಮುಟ್ಟಬೇಡಿ. ಬೋರ್ಡ್ ಪರೀಕ್ಷೆ ಈಗಷ್ಟೇ ಮುಗಿದಿರುವುದರಿಂದ ದ್ವಿತೀಯ ವರ್ಷದ ಪಾಠಗಳು ಈ ವಾರ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತವೆ ಎಂಬುದೂ ನೆನಪಿರಲಿ. ಅವನ್ನು ಪೂರ್ತಿ ಬಿಟ್ಟರೆ ಪರೀಕ್ಷೆಯ ಹೊತ್ತಿಗೆ ಅಲ್ಲೂ ‘ಸಂ’ಗಳು ಹುಟ್ಟಿಕೊಳ್ಳುತ್ತವೆ, ಕೈಯಲ್ಲುಳಿದ ಐದು ಗಂಟೆ ಅದಕ್ಕೆ ಇರಲಿ.

ಹದಿನೈದನೆಯ ದಿನ ಎರಡನೆಯ ಪತ್ರಿಕೆಯನ್ನು ಇದೇ ರೀತಿ ಬರೆಯಿರಿ. ಆಗ ಮೊತ್ತವನ್ನು ಹೋಲಿಸಬೇಡಿ. ಇಪ್ಪತ್ತೆರಡು ಊಹೆಗಳಲ್ಲಿ ಒಮ್ಮೆ ಎರಡು ಸರಿಯಾಗಬಹುದು, ಇನ್ನೊಮ್ಮೆ ಒಂಬತ್ತು. ಓದಿನಲ್ಲಿ ಏನೂ ಬದಲಾಗದೆ ಮೊತ್ತ ಏಳು ಅಂಕ ಆಚೀಚೆಯಾಗಲು ಅದೊಂದೇ ಸಾಕು. ಹೋಲಿಸಬೇಕಾದದ್ದು ‘ಖ’ ಎಷ್ಟಾಯಿತು, ಅವುಗಳಲ್ಲಿ ಸರಿ ಎಷ್ಟು ಎಂಬುದನ್ನು. ಭೌತಶಾಸ್ತ್ರದ ‘ಖ’ 18ರಿಂದ 27ಕ್ಕೆ ಏರಿ ಅವುಗಳಲ್ಲಿ 24 ಸರಿಯಿದ್ದರೆ, ಮೊತ್ತ ಎರಡೇ ಅಂಕ ಏರಿದ್ದರೂ ಸಮಯ ಸರಿಯಾದ ಜಾಗಕ್ಕೆ ಹೋಗಿದೆ. ‘ಖ’ ಏರಿ ಸರಿಯಾದವು ಏರದಿದ್ದರೆ ಓದು ಧೈರ್ಯ ಕೊಟ್ಟಿದೆ, ತಿಳಿವಳಿಕೆ ಕೊಟ್ಟಿಲ್ಲ; ಆಗ ಓದುವುದನ್ನು ಕಡಿಮೆ ಮಾಡಿ ಬಿಡಿಸುವುದನ್ನು ಹೆಚ್ಚಿಸಬೇಕು. ಗಣಿತದಲ್ಲಿ 15ನೆಯ ಪ್ರಶ್ನೆ ದಾಟುವ ಸಮಯ 30 ನಿಮಿಷದಿಂದ ಇಳಿಯದಿದ್ದರೆ ದಿನದ ಅಭ್ಯಾಸದಲ್ಲಿ ಗಡಿಯಾರ ಇಡುತ್ತಿಲ್ಲವೆಂದೇ ಅರ್ಥ. ಉಳಿದ ಹದಿನೈದು ದಿನಗಳ ಗಂಟೆಗಳನ್ನು ಈ ಎರಡನೆಯ ಹಾಳೆ ನೋಡಿ ಹಂಚಿ, ಮೊದಲನೆಯದನ್ನು ನೋಡಿ ಅಲ್ಲ. ಇವತ್ತೇ ಮೂವತ್ತು ದಿನಗಳ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಬೇಡಿ ಎನ್ನುವುದು ಇದೇ ಕಾರಣಕ್ಕೆ.

ಮೂರನೆಯ ಪತ್ರಿಕೆ ಪರೀಕ್ಷೆಗೆ ನಾಲ್ಕೈದು ದಿನ ಮುಂಚೆ. ಅದರಿಂದ ಯಾವ ಅಧ್ಯಾಯವನ್ನೂ ಹೊಸದಾಗಿ ಆರಂಭಿಸುವುದಿಲ್ಲ. ಓಎಂಆರ್ ಹಾಳೆಯ ಒಂದು ಪ್ರತಿ ಮುದ್ರಿಸಿಕೊಂಡು ಅದರಲ್ಲೇ ವೃತ್ತ ತುಂಬಿಸಿ, ಅರವತ್ತು ವೃತ್ತಗಳಿಗೆ ಎಷ್ಟು ನಿಮಿಷ ಬೇಕಾಯಿತು ಎಂದು ನೋಡಿ, ಆ ನಿಮಿಷಗಳನ್ನು ಎಂಬತ್ತರಿಂದ ಕಳೆದುಕೊಳ್ಳಿ. ಕೈಬಿಟ್ಟ ಅಧ್ಯಾಯಗಳ ಪ್ರಶ್ನೆ ಬಂದ ಕೂಡಲೇ ಊಹೆಯ ವೃತ್ತ ತುಂಬಿ ಮುಂದೆ ಹೋಗುವ ಅಭ್ಯಾಸವೂ ಅದೇ ದಿನ ಆಗಬೇಕು, ಏಕೆಂದರೆ ಗೊತ್ತಿಲ್ಲದ ಪ್ರಶ್ನೆಯ ಮುಂದೆ ನಾಲ್ಕು ನಿಮಿಷ ಕೂತವರು ಕಳೆದುಕೊಳ್ಳುವುದು ಗೊತ್ತಿರುವ ಮೂರು ಪ್ರಶ್ನೆಗಳನ್ನು.